60ರಿಂದ 70ಕ್ಕೆ ಒಂದು ಲೆಕ್ಕ, 78ರ ಮೇಲೆ ಇನ್ನೊಂದು: ನಮ್ಮ 90 ಲಕ್ಷ ಹೇಗೆ ಹಂಚಿಡಲಿ?

ವಿದ್ಯಾನಗರ ನಿವಾಸಿ

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವನು, ಖಾಸಗಿ ಕಂಪನಿಯೊಂದರ ಅಕೌಂಟ್ಸ್ ವಿಭಾಗದಲ್ಲಿದ್ದೇನೆ. ಬರುವ ತಿಂಗಳು 60 ತುಂಬುತ್ತೆ, ಅವತ್ತೇ ಕೊನೇ ದಿನ. ಮನೆಯವರಿಗೆ 56. ಮಗಳು ಪುಣೆಯಲ್ಲಿದ್ದಾಳೆ. ಸರ್ಕಾರಿ ಪಿಂಚಣಿ ಇಲ್ಲ. ಪಿಎಫ್ ಕಡೆಯಿಂದ ತಿಂಗಳಿಗೆ 3,400 ಬರುತ್ತೆ, ಅದು ಏರೋದಿಲ್ಲ. ಪಿಎಫ್, ಗ್ರಾಚ್ಯುಟಿ, ಬ್ಯಾಂಕ್ ಎಫ್‌ಡಿ, ಸ್ವಲ್ಪ ಮ್ಯೂಚುವಲ್ ಫಂಡ್ ಎಲ್ಲ ಸೇರಿ ಇಡುಗಂಟು 90 ಲಕ್ಷ. ಇರೋ ಮನೆ ಸ್ವಂತದ್ದು. ಊರಾಚೆ ಒಂದು ಸೈಟ್ ಇದೆ, ಈಗ ಸುಮಾರು 32 ಲಕ್ಷ ಬಾಳಬಹುದು.

ನಾನು ಮೊದಲು ಹಾಕಿದ ಲೆಕ್ಕ ಸರಳವಾಗಿತ್ತು. ತಿಂಗಳಿಗೆ 50 ಸಾವಿರ, 30 ವರ್ಷ, ಅಷ್ಟೇ. ಅದನ್ನು ನೋಡಿ ನಮ್ಮ ಮನೆಯವರು ಒಂದು ಮಾತು ಹೇಳಿದ್ರು: "ಕಾಲು ಗಟ್ಟಿ ಇರೋ ವರ್ಷಕ್ಕೂ, ಹಾಸಿಗೆ ಹಿಡಿಯೋ ವರ್ಷಕ್ಕೂ ಒಂದೇ ಖರ್ಚು ಹೆಂಗಾಗುತ್ರೀ?" ಆಮೇಲೆ ಕೂತು ಮೂರು ಕಾಲಂ ಮಾಡಿದೆ. ಎಲ್ಲಾ ಇವತ್ತಿನ ಬೆಲೆಯಲ್ಲಿ.

60ರಿಂದ 70: ಮನೆ ಖರ್ಚು, ಹೆಲ್ತ್ ಇನ್ಶೂರೆನ್ಸ್ ಪ್ರೀಮಿಯಂ, ಜೊತೆಗೆ ತಿರುಗಾಟಕ್ಕೆ ವರ್ಷಕ್ಕೆ ಒಂದೂವರೆ ಲಕ್ಷ. ಕಾಶಿ, ಕೇದಾರ, ಪುಣೆಗೆ ಓಡಾಟ ಎಲ್ಲ ಇದರಲ್ಲೇ. ಒಟ್ಟು 6 ಲಕ್ಷ. ಪಿಂಚಣಿ ಕಳೆದರೆ 5.6 ಲಕ್ಷ.

70ರಿಂದ 78: ತಿರುಗಾಟ ಹೆಚ್ಚುಕಡಿಮೆ ನಿಲ್ಲುತ್ತೆ. ವರ್ಷಕ್ಕೆ 4.8 ಲಕ್ಷ.

78ರ ಮೇಲೆ: ಇಲ್ಲಿಯೇ ಕೈ ನಿಂತಿತು. ಎಷ್ಟು ಬರೆಯಬೇಕೋ ಗೊತ್ತಾಗ್ತಿಲ್ಲ. ಯಾವ ಕಾಲಂನ ಹಣ ಎಲ್ಲಿ ಇಡಬೇಕು ಅನ್ನೋದೂ ತಿಳೀತಿಲ್ಲ. ಅನುಭವ ಇದ್ದವರು ಹೇಳಿ.

ಹೊನ್ನಾಳಿ ಮೇಷ್ಟ್ರು

ಮೂರನೇ ಕಾಲಂಗೆ ಇಷ್ಟೊಂದು ಚಿಂತೆ ಬೇಡ ಸರ್. ವಯಸ್ಸಾದಂಗೆ ಖರ್ಚು ತಾನಾಗೇ ಇಳಿಯುತ್ತೆ. ನಮ್ಮ ತಂದೆ 84ರವರೆಗೆ ಇದ್ರು. ಕೊನೇ ಐದು ವರ್ಷ ಎರಡು ಹೊತ್ತು ಮುದ್ದೆ, ಎರಡು ಲೋಟ ಹಾಲು, ಬಿಪಿ ಮಾತ್ರೆ. ವರ್ಷಕ್ಕೆ ಎರಡು ಪಂಚೆ ತಗೊಂಡರೆ ಹೆಚ್ಚು. ನಾನು ನಿವೃತ್ತನಾಗಿ ಆರು ವರ್ಷ ಆಯ್ತು, ಪಿಂಚಣಿ ಬರುತ್ತೆ, ಡಿಎ ಸೇರುತ್ತೆ, ಅದರಲ್ಲೇ ಉಳಿಸ್ತಿದ್ದೀನಿ. 4 ಲಕ್ಷ ಬರೀರಿ ಸಾಕು. ಹಣ ಎಲ್ಲಾ ಎಫ್‌ಡಿಯಲ್ಲಿ ಇಡಿ, ಈ ವಯಸ್ಸಿನಲ್ಲಿ ರಿಸ್ಕ್ ಯಾಕೆ?

ದುರ್ಗದ ಮಗಳು

ಮೇಷ್ಟ್ರೇ, ನೀವು ಹೇಳಿದ್ದು ಊಟ ಬಟ್ಟೆ ವಿಷಯದಲ್ಲಿ ನಿಜ. ಆದರೆ ನಿಮ್ಮ ತಂದೆಯವರನ್ನು ಯಾರು ನೋಡಿಕೊಂಡ್ರು? ನಿಮ್ಮ ತಾಯಿ, ನಿಮ್ಮ ಮನೆಯವರು, ಅಲ್ವಾ? ಆ ಕೆಲಸಕ್ಕೆ ಯಾರೂ ಸಂಬಳ ಕೊಡಲಿಲ್ಲ, ಅದಕ್ಕೆ ಅದು ಖರ್ಚಿನ ಲೆಕ್ಕಕ್ಕೆ ಬರಲಿಲ್ಲ.

ನಮ್ಮಮ್ಮ ಚಿತ್ರದುರ್ಗದಲ್ಲಿದ್ದಾರೆ. 79ಕ್ಕೆ ಲಕ್ವ ಹೊಡೀತು, ಎಡಗಡೆ ಬಿದ್ದುಹೋಯ್ತು. ನಾನು ನೌಕರಿಯಲ್ಲಿದ್ದೀನಿ, ತಮ್ಮ ಬೆಂಗಳೂರಲ್ಲಿದ್ದಾನೆ. ಆಸ್ಪತ್ರೆಯ ಬಿಲ್ ದೊಡ್ಡದಾಗಿತ್ತು, ಆದರೆ ಅದನ್ನು ಬಹುಪಾಲು ಇನ್ಶೂರೆನ್ಸ್ ಕೊಡ್ತು. ನಮಗೆ ಭಾರ ಆಗಿದ್ದು ಮನೆಗೆ ಕರ್ಕೊಂಡು ಬಂದ ಮೇಲೆ. ಹಗಲಿಗೆ ನೋಡಿಕೊಳ್ಳೋಕೆ ಒಬ್ಬ ಹೆಂಗಸು, ತಿಂಗಳಿಗೆ 16 ಸಾವಿರ. ಅವರು ರಜೆ ಹಾಕಿದ ದಿನ ನಾನೂ ರಜೆ. ಡೈಪರ್ ದಿನಕ್ಕೆ ಮೂರು. ಬೆನ್ನು ಹುಣ್ಣಾಗಬಾರದು ಅಂತ ಗಾಳಿ ಹಾಸಿಗೆ. ಮೊದಲ ಮೂರು ತಿಂಗಳು ಫಿಸಿಯೋ ಮನೆಗೇ ಬರ್ತಿದ್ರು, ಒಂದು ಸಲಕ್ಕೆ 400. ಮಾತ್ರೆ ಬೇರೆ. ಎಲ್ಲಾ ಸೇರಿ ತಿಂಗಳಿಗೆ 28 ಸಾವಿರದ ಕೆಳಗೆ ಇಳಿದೇ ಇಲ್ಲ, ಇದು ನಾಲ್ಕನೇ ವರ್ಷ.

ಇದರಲ್ಲಿ ಒಂದು ರೂಪಾಯಿನೂ ಇನ್ಶೂರೆನ್ಸ್ ಕೊಡ್ತಿಲ್ಲ. ನಮ್ಮ ಪಾಲಿಸಿಯಲ್ಲಿ ಡಿಸ್ಚಾರ್ಜ್ ಆದ ಮೇಲೆ 60 ದಿನದ ಔಷಧಿ, ಟೆಸ್ಟ್ ಬಿಲ್ ಕೊಟ್ಟರು, ಅಲ್ಲಿಗೆ ಮುಗೀತು. ಮನೆ ಆರೈಕೆ ಅದರ ವ್ಯಾಪ್ತಿಯಲ್ಲೇ ಇಲ್ಲ. ಆದ್ದರಿಂದ ಸರ್, ಮೂರನೇ ಕಾಲಂನಲ್ಲಿ ಆಸ್ಪತ್ರೆಗಿಂತ ಮೊದಲು ಆರೈಕೆ ಅಂತ ಒಂದು ಸಾಲು ಬರೀರಿ.

ಹೊನ್ನಾಳಿ ಮೇಷ್ಟ್ರು

ಇದನ್ನು ನಾನು ಯೋಚಿಸಿರಲಿಲ್ಲಮ್ಮ. ನೀವು ಹೇಳಿದ್ದು ಸರಿ, ನಮ್ಮ ಮನೆಯವರೇ ಮಾಡಿದ್ರು. ನಮ್ಮನ್ನ ನೋಡೋಕೆ ಮನೇಲಿ ಯಾರಿರ್ತಾರೋ ಈಗ ಹೇಳೋಕಾಗಲ್ಲ.

ವಿದ್ಯಾನಗರ ನಿವಾಸಿ

ಅಕ್ಕಾ, ವಿವರವಾಗಿ ಬರೆದಿದ್ದಕ್ಕೆ ತುಂಬಾ ಉಪಕಾರವಾಯ್ತು. ಮನೆ ಖರ್ಚಿನಿಂದ ಸ್ಕೂಟರು, ಪೆಟ್ರೋಲು, ಹಬ್ಬದ ದೊಡ್ಡ ಖರ್ಚು ತೆಗೆದು, ಆರೈಕೆ ಸೇರಿಸಿದೆ. ಇವತ್ತಿನ ಬೆಲೆಯಲ್ಲಿ ವರ್ಷಕ್ಕೆ 7 ಲಕ್ಷ ಆಯ್ತು. ಇಬ್ಬರಿಗೂ ಸೇರಿ ಅಂಥ ವರ್ಷಗಳು ಹತ್ತು ಅಂತ ಇಟ್ಟುಕೊಂಡಿದ್ದೇನೆ. ಬೆಲೆ ವರ್ಷಕ್ಕೆ 6 ಪರ್ಸೆಂಟ್ ಏರಿದರೆ 18 ವರ್ಷಕ್ಕೆ ಆ 7 ಲಕ್ಷ 20 ಲಕ್ಷ ಆಗುತ್ತೆ. ರಾತ್ರಿ ನಿದ್ದೆ ಬರಲಿಲ್ಲ.

ಐಟಿ ಹುಡುಗ, ಎಂಸಿಸಿ ಬಿ ಬ್ಲಾಕ್

ಅಂಕಲ್, ಅದಕ್ಕೇ ಎಫ್‌ಡಿ ಬಿಟ್ಟುಬಿಡಿ. 90 ಲಕ್ಷ ಪೂರ್ತಿ ಇಂಡೆಕ್ಸ್ ಫಂಡ್‌ಗೆ ಹಾಕಿ, ಅದರಿಂದ ತಿಂಗಳಿಗೆ 50 ಸಾವಿರ ತಾನಾಗೇ ಖಾತೆಗೆ ಬರೋ ಹಾಗೆ ಎಸ್‌ಡಬ್ಲ್ಯುಪಿ ಹಾಕಿಕೊಳ್ಳಿ. ದೀರ್ಘಾವಧಿಯಲ್ಲಿ ಷೇರು ಮಾತ್ರ ಬೆಲೆ ಏರಿಕೆಯನ್ನು ಮೀರಿ ಬೆಳೆಯೋದು.

ಮಂಡಿಪೇಟೆ ಲೆಕ್ಕದವರು

ತಮ್ಮಾ, ಕೊನೇ ವಾಕ್ಯ ಸರಿ, ಮೊದಲನೇದು ಅಪಾಯ. ಆ ದೀರ್ಘಾವಧಿ ಇರೋದು ಇವರ ಮೂರನೇ ಕಾಲಂಗೆ. ಮೊದಲನೇ ಕಾಲಂಗೆ ಇಲ್ಲ, ಅದು ಬರುವ ತಿಂಗಳೇ ಶುರು.

2008ರ ಜನವರಿಯಲ್ಲಿ ಸೆನ್ಸೆಕ್ಸ್ 21,000 ಮುಟ್ಟಿತ್ತು. ಅದೇ ವರ್ಷ ಅಕ್ಟೋಬರ್ ಕೊನೆಗೆ 8,500ರ ಹತ್ತಿರ ಬಂತು. ಆಗ ನಮ್ಮ ಅಂಗಡಿಗೆ ಲೆಕ್ಕಕ್ಕೆ ಬರ್ತಿದ್ದ ಹಿರಿಯರೊಬ್ಬರು ನಿವೃತ್ತಿಯ ಹಣವನ್ನೆಲ್ಲ ಷೇರಲ್ಲಿ ಇಟ್ಟಿದ್ರು. ಊಟಕ್ಕೆ ಬೇಕಲ್ಲ, ಆ ಬೆಲೆಗೇ ಮಾರಿಕೊಂಡು ತಿಂದ್ರು. ಅಂಥ ಹೊತ್ತಲ್ಲಿ 6 ಲಕ್ಷ ತೆಗೆದರೆ ಹೋಗೋದು ಬರೀ 6 ಲಕ್ಷ ಅಲ್ಲ. ಸೆನ್ಸೆಕ್ಸ್ ಮತ್ತೆ 21,000 ಮುಟ್ಟಿದ್ದು 2010ರ ನವೆಂಬರ್‌ನಲ್ಲಿ. ಆ 6 ಲಕ್ಷ ಅಲ್ಲೇ ಇದ್ದಿದ್ದರೆ ಅಷ್ಟೊತ್ತಿಗೆ 14 ಲಕ್ಷದ ಮೇಲಾಗಿರ್ತಿತ್ತು. ನಿವೃತ್ತಿಯಾದ ಮೊದಲ ನಾಲ್ಕೈದು ವರ್ಷದಲ್ಲಿ ಇಂಥದ್ದು ಬಂದರೆ ಇಡುಗಂಟು ಚೇತರಿಸಿಕೊಳ್ಳೋದು ಕಷ್ಟ. ಅದೇ ಕುಸಿತ ಹದಿನೈದು ವರ್ಷ ಮುಟ್ಟದ ಹಣಕ್ಕೆ ಬಂದರೆ ಏನೂ ಆಗೋದಿಲ್ಲ.

ವಿದ್ಯಾನಗರದ ಸರ್, ನಿಮ್ಮ ಹಣವನ್ನು ಮೂರು ಗಂಟು ಮಾಡೋಣ. ಎಲ್ಲಾ ಇವತ್ತಿನ ರೂಪಾಯಿಯಲ್ಲೇ ಲೆಕ್ಕ ಹಾಕ್ತೀನಿ. ಗಂಟಿನ ಹಣ ಬೆಲೆ ಏರಿಕೆಗಿಂತ ಎಷ್ಟು ಹೆಚ್ಚು ಬೆಳೆಯುತ್ತೆ ಅನ್ನೋದಷ್ಟೇ ನಮಗೆ ಬೇಕು, ಉಳಿದ ಬೆಳವಣಿಗೆ ಬರೀ ಅಂಕಿ.

ಮೊದಲ ಗಂಟು, ಹತ್ತು ವರ್ಷದ್ದು. ಇದು ಭದ್ರವಾಗಿ ಇರಬೇಕು, ಬೆಲೆ ಏರಿಕೆಗೆ ಸರಿಸಮ ಬೆಳೆದರೆ ಸಾಕು. 5.6 ಲಕ್ಷ ಹತ್ತು ವರ್ಷಕ್ಕೆ 56 ಲಕ್ಷ.

ಎರಡನೇ ಗಂಟನ್ನು ಹತ್ತು ವರ್ಷ ಮುಟ್ಟೋದಿಲ್ಲ. ಅರ್ಧ ಸಾಲಪತ್ರ ಅರ್ಧ ಷೇರು ಇರೋ ಹೈಬ್ರಿಡ್ ಫಂಡ್ ಥರದ್ದರಲ್ಲಿ ಇಟ್ಟರೆ ಬೆಲೆ ಏರಿಕೆಗಿಂತ 2 ಪರ್ಸೆಂಟ್ ಹೆಚ್ಚು ನಿರೀಕ್ಷಿಸಬಹುದು. ಎಂಟು ವರ್ಷಕ್ಕೆ ಬೇಕಾದ 38 ಲಕ್ಷಕ್ಕೆ ಈಗ 31 ಇಟ್ಟರೆ ಆಯ್ತು.

ಮೂರನೇ ಗಂಟನ್ನು ಸ್ವಲ್ಪ ನಿಧಾನವಾಗಿ ನೋಡಿ. 7 ಲಕ್ಷದಂತೆ ಹತ್ತು ವರ್ಷಕ್ಕೆ 70 ಲಕ್ಷ ಬೇಕು. ಮೇಷ್ಟ್ರು ಹೇಳಿದ ಹಾಗೆ ಎಫ್‌ಡಿಯಲ್ಲಿ ಇಟ್ಟರೆ ಅದು ಬೆಲೆ ಏರಿಕೆಯ ಜೊತೆ ನಡೆಯುತ್ತೆ ಅಷ್ಟೆ, ಅಂದರೆ ಈಗಲೇ 70 ಲಕ್ಷ ಇಡಬೇಕು. ಇಂಡೆಕ್ಸ್ ಫಂಡ್‌ನಲ್ಲಿ ಇಟ್ಟು ಬೆಲೆ ಏರಿಕೆಗಿಂತ 4 ಪರ್ಸೆಂಟ್ ಹೆಚ್ಚು ಬೆಳೆದರೆ 18 ವರ್ಷದಲ್ಲಿ ಎರಡರಷ್ಟಾಗುತ್ತೆ, ಈಗ 35 ಇಟ್ಟರೆ ಸಾಕು. ಆ 4 ಪರ್ಸೆಂಟ್‌ಗೆ ಯಾರೂ ಗ್ಯಾರಂಟಿ ಕೊಡೋದಿಲ್ಲ, ನಾನೂ ಕೊಡೋದಿಲ್ಲ. ಆದರೆ ಜನ ಮಾಡೋದು ಇದರ ಉಲ್ಟಾ. ವಯಸ್ಸಾಯ್ತು ಅಂತ ಕೊನೇ ಕಾಲದ ಹಣವನ್ನೇ ಎಲ್ಲಕ್ಕಿಂತ ನಿಧಾನವಾಗಿ ಬೆಳೆಯೋ ಜಾಗದಲ್ಲಿ ಇಡ್ತಾರೆ. ಅತಿ ಹೆಚ್ಚು ಕಾಲ ಇರೋದು ಆ ಹಣವೇ.

ಮೂರೂ ಕೂಡಿಸಿದರೆ 122 ಲಕ್ಷ. ನಿಮ್ಮಲ್ಲಿ ಇರೋದು 90.

ವಿದ್ಯಾನಗರ ನಿವಾಸಿ

32 ಲಕ್ಷ ಕಡಿಮೆ. ಸರಿಯಾಗಿ ಸೈಟ್‌ನಷ್ಟೇ! ಹಾಗಾದ್ರೆ ಸೈಟೇ ಮೂರನೇ ಗಂಟು ಅಂತ ಇಟ್ಟುಕೊಂಡರೆ ಆಗಲ್ವಾ?

ಚನ್ನಗಿರಿ ತೋಟದವರು

ನನ್ನ ಲೆಕ್ಕ ಬೇರೆ ಇದೆ, ಹೇಳ್ತೀನಿ. ನನಗೆ 66. ನಾಲ್ಕು ಎಕರೆ ಅಡಿಕೆ. ನಮಗೆ ಯಾವ ಫಂಡೂ ಬೇಡ, ತೋಟವೇ ಪಿಂಚಣಿ ಅಂತ ಇದ್ದವನು ನಾನು. ಕೈಕಾಲು ಆಡೋವರೆಗೆ ಅದು ನಿಜವೇ. ಹೋದ ವರ್ಷ ಮೊಣಕಾಲು ಆಪರೇಷನ್ ಆಯ್ತು, ತೋಟ ಸುತ್ತೋಕೆ ಆಗಲಿಲ್ಲ, ಫಸಲನ್ನು ಚೇಣಿ ಗುತ್ತಿಗೆಗೆ ಕೊಟ್ಟೆ. ನಾನೇ ಕೊಯ್ಸಿ ಬೇಯಿಸಿ ಮಾರಿದಾಗ ಸಿಗ್ತಿದ್ದದ್ದಕ್ಕೂ ಚೇಣಿಯವನು ಕೊಟ್ಟಿದ್ದಕ್ಕೂ ಬಹಳ ಅಂತರ ಇತ್ತು. ಬೋರು ಬತ್ತಿದರೆ ಅದೂ ಇಲ್ಲ. ಅಂದರೆ ನನ್ನ ಪಿಂಚಣಿ ನನ್ನ ಮೊಣಕಾಲಿನ ಮೇಲೆ ನಿಂತಿತ್ತು. ಖರ್ಚು ಏರೋ ವರ್ಷದಲ್ಲೇ ಆದಾಯ ಇಳೀತು.

ಈಗ ಫಸಲು ಚೆನ್ನಾಗಿರೋ ವರ್ಷ ಒಂದು ಭಾಗ ತೆಗೆದು ಬೇರೆ ಇಡ್ತಿದ್ದೀನಿ. ಹತ್ತು ವರ್ಷ ಮುಂಚೆ ಶುರು ಮಾಡಬೇಕಿತ್ತು. ನಿಮ್ಮ ಸೈಟೂ ಹಾಗೇ ಸರ್. ಅದನ್ನು ಮಾರೋಕೆ ಓಡಾಡಬೇಕು, ಓಡಾಡೋ ಶಕ್ತಿ ಇರೋವಾಗ ನಿಮಗೆ ಆ ಹಣ ಬೇಕಾಗಿರಲ್ಲ.

ಮಂಡಿಪೇಟೆ ಲೆಕ್ಕದವರು

ತೋಟದ ಯಜಮಾನರು ಹೇಳಿದ್ದಕ್ಕೆ ನನ್ನ ಒಪ್ಪಿಗೆ ಇದೆ. ಸೈಟನ್ನು ತಿಂಗಳಿಗೆ ಇಷ್ಟು ಅಂತ ಕತ್ತರಿಸಿ ಮಾರೋಕೆ ಆಗೋದಿಲ್ಲ. ಅದು ಬಾಡಿಗೆಯನ್ನೂ ಕೊಡ್ತಿಲ್ಲ. ಐಸಿಯು ಬಾಗಿಲಲ್ಲಿ ನಿಂತು ಮಾರೋ ಸೈಟಿಗೆ ಕೊಳ್ಳೋನು ಹೇಳಿದ್ದೇ ಬೆಲೆ. ಆದರೆ ಈಗಲೇ ಮಾರಬೇಕು ಅಂತಲೂ ನಾನು ಹೇಳೋದಿಲ್ಲ. ಮೊದಲು ಸೈಟ್ ಪಕ್ಕಕ್ಕಿಟ್ಟು 90ರಲ್ಲೇ ಎಷ್ಟು ಸರಿಹೋಗುತ್ತೆ ನೋಡೋಣ. ಮಹಡಿ ಮೇಲೆ ಮನೆ ಇದೆಯಾ?

ವಿದ್ಯಾನಗರ ನಿವಾಸಿ

ಇದೆ ಸರ್. ಎರಡು ರೂಮು, ಅಡುಗೆಮನೆ. ಮಗಳು ಬಂದಾಗ ಇರಲಿ ಅಂತ ಬೀಗ ಹಾಕಿ ಇಟ್ಟಿದ್ದೇವೆ. ಬಾಡಿಗೆಗೆ ಕೊಟ್ಟರೆ 7 ಸಾವಿರ ಬರುತ್ತೆ. ತಿರುಗಾಟದ್ದೂ ಮನೆಯವರ ಜೊತೆ ಮಾತಾಡಿದೆ. ವರ್ಷಕ್ಕೆ ಒಂದು ಲಕ್ಷಕ್ಕೆ ಇಳಿಸೋಣ ಅಂದೆ. ಅವರು ಒಪ್ಪಲಿಲ್ಲ: "ಇಳಿಸಬೇಡ್ರಿ, ಮೊದಲ ಏಳು ವರ್ಷದಲ್ಲೇ ಮುಗಿಸಿಬಿಡೋಣ. 67ರ ಮೇಲೆ ಕೇದಾರ ಹತ್ತೋಕಾಗಲ್ಲ." ಲೆಕ್ಕ ಹಾಕಿದರೆ ಹತ್ತು ವರ್ಷಕ್ಕೆ ಒಂದು ಲಕ್ಷವೂ ಏಳು ವರ್ಷಕ್ಕೆ ಒಂದೂವರೆಯೂ ಹೆಚ್ಚುಕಡಿಮೆ ಅಷ್ಟೇ ಆಗುತ್ತೆ.

ಮಂಡಿಪೇಟೆ ಲೆಕ್ಕದವರು

ಅಮ್ಮನವರು ನನಗಿಂತ ಚೆನ್ನಾಗಿ ಲೆಕ್ಕ ಹಾಕಿದ್ದಾರೆ.

ಬಾಡಿಗೆ ವರ್ಷಕ್ಕೆ 84 ಸಾವಿರ, ಅದು ಬೆಲೆಯ ಜೊತೆ ಏರೋ ಆದಾಯ, ನಿಮ್ಮ ಪಿಎಫ್ ಪಿಂಚಣಿಯ ಹಾಗೆ ನಿಂತ ನೀರಲ್ಲ. ಈ ಎರಡು ಬದಲಾವಣೆಯಿಂದ ಮೊದಲ ಗಂಟು 56ರಿಂದ 43ಕ್ಕೆ ಇಳಿಯುತ್ತೆ. ಎರಡನೇದು 31ರಿಂದ 26ಕ್ಕೆ. ಎರಡೂ ಸೇರಿ 69. ಉಳಿದ 21 ಲಕ್ಷ ಮೂರನೇ ಗಂಟಿಗೆ. ನಾನು ಹೇಳಿದ ಹಾಗೆ ಬೆಳೆದರೆ ಅದು ಇವತ್ತಿನ ಬೆಲೆಯ 42 ಲಕ್ಷ ಆಗುತ್ತೆ, ಬಾಡಿಗೆಯೂ ಸೇರಿ ಆರೈಕೆಯ ಏಳು ವರ್ಷ ದಾಟಿಸುತ್ತೆ. ಉಳಿದ ಮೂರು ವರ್ಷಕ್ಕೆ ಸೈಟ್. ಈಗ ಸೈಟ್ ಮೇಲಿನ ಭಾರ ಕಡಿಮೆ ಆಯ್ತು ನೋಡಿ.

43 ಲಕ್ಷ ಹೀಗೆ ಇಡಿ. 30 ಲಕ್ಷ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ, ಒಬ್ಬರಿಗೆ ಅದೇ ಗರಿಷ್ಠ. ಈಗಿನ 8.2 ಪರ್ಸೆಂಟ್‌ಗೆ ಮೂರು ತಿಂಗಳಿಗೊಮ್ಮೆ 61,500 ಖಾತೆಗೆ ಬೀಳುತ್ತೆ. ಖಾತೆ ತೆರೆದ ದಿನದ ಬಡ್ಡಿ ಐದು ವರ್ಷ ಬದಲಾಗೋದಿಲ್ಲ. ಮಿಕ್ಕ 13 ಲಕ್ಷವನ್ನು ಐದು ಎಫ್‌ಡಿ ಮಾಡಿ: ಒಂದು ವರ್ಷದ್ದು, ಎರಡರದ್ದು, ಹೀಗೆ ಐದರವರೆಗೆ. ವರ್ಷಕ್ಕೊಂದು ಮುಗೀತಾ ಬರುತ್ತೆ, ಬಡ್ಡಿ ಸಾಕಾಗದ ಖರ್ಚು ಅದರಿಂದ. ಐದು ವರ್ಷ ಆದ ಮೇಲೆ 30 ಲಕ್ಷ ಇಡಿಯಾಗಿ ವಾಪಸ್ ಬರುತ್ತೆ, ಮುಂದಿನ ಐದು ವರ್ಷಕ್ಕೆ ಅದನ್ನು ಅಸಲೂ ಸೇರಿಸಿ ತಿನ್ನಬೇಕು. ನಮ್ಮ ಕಡೆಯವರಿಗೆ ಇದು ಕಷ್ಟ. ಅಸಲು ಮುಟ್ಟಬಾರದು ಅಂತ ಬೆಳೆದವರು ನಾವು. ಆದರೆ ಇದು ತಿನ್ನೋಕೆಂದೇ ಇಟ್ಟ ಗಂಟು.

ಮೂರನೇ ಗಂಟು ಮಾತ್ರ ಕೊನೇವರೆಗೆ ಷೇರಲ್ಲೇ ಇರಬಾರದು. ನಿಮಗೆ 73 ಆದಾಗಿನಿಂದ ವರ್ಷಕ್ಕೆ ಐದನೇ ಒಂದು ಭಾಗ ತೆಗೆದು ಭದ್ರ ಜಾಗಕ್ಕೆ ಹಾಕ್ತಾ ಬನ್ನಿ. ಮಾರ್ಕೆಟ್ ತೀರಾ ಬಿದ್ದಿರೋ ವರ್ಷ ಆ ಕೆಲಸ ಬಿಟ್ಟು ಮುಂದಿನ ವರ್ಷ ಮಾಡಿ. ಐದು ವರ್ಷ ಮುಂಚೆ ಶುರು ಮಾಡೋದು ಈ ಅವಕಾಶ ಇರಲಿ ಅಂತಲೇ.

ಐಟಿ ಹುಡುಗ, ಎಂಸಿಸಿ ಬಿ ಬ್ಲಾಕ್

ಸರ್, ಒಂದು ಅನುಮಾನ. 65ಕ್ಕೇ ಲಕ್ವ ಹೊಡೆದರೆ? ಆಗ ಮೂರನೇ ಗಂಟು ಬೆಳೆದಿರೋದೇ ಇಲ್ಲ.

ಮಂಡಿಪೇಟೆ ಲೆಕ್ಕದವರು

ಒಳ್ಳೆ ಪ್ರಶ್ನೆ. ಈ ಲೆಕ್ಕದ ದುರ್ಬಲ ಜಾಗ ಅದೇ. ಹಂತ ನಾವು ಬರೆದ ವಯಸ್ಸಿಗೆ ಬರಬೇಕು ಅಂತೇನಿಲ್ಲ. ಹಾಗಾದರೆ ತಿರುಗಾಟದ ಹಣ ಮೊದಲು ಆರೈಕೆಗೆ ತಿರುಗುತ್ತೆ, ಆಮೇಲೆ ಎರಡನೇ ಗಂಟು, ಷೇರು ಕೊನೆಗೆ. ಸೈಟ್ ಮಾರೋ ಹೊತ್ತೂ ಬೇಗ ಬರುತ್ತೆ. ಪೂರ್ತಿ ಮುಚ್ಚುವ ಉತ್ತರ ನನ್ನ ಹತ್ತಿರ ಇಲ್ಲ. ಆಸ್ಪತ್ರೆ ಖರ್ಚನ್ನಾದರೂ ಇನ್ಶೂರೆನ್ಸ್ ಹೊರಬೇಕು. ಸರ್, ನಿಮ್ಮದು ಕಂಪನಿ ಪಾಲಿಸಿಯಾ ಸ್ವಂತದ್ದಾ?

ವಿದ್ಯಾನಗರ ನಿವಾಸಿ

ಈವರೆಗೆ ಕಂಪನಿಯದ್ದು, ಬರುವ ತಿಂಗಳು ಮುಗಿಯುತ್ತೆ. ನನಗೆ ಎಂಟು ವರ್ಷದಿಂದ ಶುಗರ್ ಇದೆ.

ಮಂಡಿಪೇಟೆ ಲೆಕ್ಕದವರು

ಹಾಗಾದರೆ ಈ ವಾರವೇ ಸ್ವಂತದ್ದಕ್ಕೆ ಅರ್ಜಿ ಹಾಕಿ, ಶುಗರ್ ಇರೋದನ್ನು ಫಾರಂನಲ್ಲಿ ಬರೆದೇ ಹಾಕಿ. ಮುಚ್ಚಿಟ್ಟರೆ ಮುಂದೆ ಕ್ಲೇಮ್ ತಿರಸ್ಕಾರ ಆಗೋದು ಅದೇ ಕಾರಣಕ್ಕೆ. ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ ಈಗ ಹೆಚ್ಚೆಂದರೆ ಮೂರು ವರ್ಷ. 60ಕ್ಕೆ ಶುರು ಮಾಡಿದರೆ 63ಕ್ಕೆ ಮುಗಿಯುತ್ತೆ. ಆ ಮೂರು ವರ್ಷಕ್ಕೆ ಅಂತ ಮೊದಲ ಗಂಟಿನಿಂದ 4-5 ಲಕ್ಷ ಯಾವಾಗ ಬೇಕಾದರೂ ತೆಗೆಯೋ ಹಾಗೆ ಇಟ್ಟುಕೊಳ್ಳಿ.

ದುರ್ಗದ ಮಗಳು

ಇನ್ನೊಂದು ಮಾತು ಸೇರಿಸ್ತೀನಿ, ಇದು ನಾವು ಪೆಟ್ಟು ತಿಂದು ಕಲಿತದ್ದು. ನಮ್ಮಪ್ಪ ಇದ್ದಾಗ ಎಲ್ಲಾ ಹಣ ಅವರೊಬ್ಬರ ಹೆಸರಲ್ಲಿತ್ತು, ಅಮ್ಮ ನಾಮಿನಿ. ಅಪ್ಪನಿಗೆ ಹೃದಯಾಘಾತ ಆಗಿ ಹನ್ನೊಂದು ದಿನ ಪ್ರಜ್ಞೆ ಇರಲಿಲ್ಲ. ಅಮ್ಮ ಎಫ್‌ಡಿ ರಸೀದಿ ಸೆರಗಲ್ಲಿ ಕಟ್ಟಿಕೊಂಡು ಬ್ಯಾಂಕಿಗೆ ಹೋದರೆ, ಖಾತೆದಾರರ ಸಹಿ ಬೇಕು ಅಂದ್ರು. ನಾಮಿನಿಗೆ ಹಣ ಕೊಡೋದು ಖಾತೆದಾರ ತೀರಿಕೊಂಡ ಮೇಲೆ. ಬದುಕಿರೋವಾಗ ನಾಮಿನಿ ಏನೂ ತೆಗೆಯೋ ಹಾಗಿಲ್ಲ. ಎಂಟು ಲಕ್ಷ ಇದ್ದೂ ಅಮ್ಮ ಬಳೆ ಅಡವಿಟ್ರು.

ಎಫ್‌ಡಿ, ಉಳಿತಾಯ ಖಾತೆ, ಫಂಡ್ ಎಲ್ಲಾ ಜಂಟಿ ಮಾಡಿ, ಇಬ್ಬರಲ್ಲಿ ಯಾರು ಬೇಕಾದರೂ ತೆಗೆಯಬಹುದು ಅಂತ ಬರೆಸಿ. ಮನೆಯವರು ನಿಮಗಿಂತ ನಾಲ್ಕು ವರ್ಷ ಚಿಕ್ಕವರು. ಕೊನೇ ಗಂಟನ್ನು ಹೆಚ್ಚು ಕಾಲ ಬಳಸೋರು ಅವರೇ.

ವಿದ್ಯಾನಗರ ನಿವಾಸಿ

ಓದಿ ಎದೆ ಭಾರ ಆಯ್ತು ಅಕ್ಕಾ. ನಮ್ಮಲ್ಲೂ ಮೂರು ಎಫ್‌ಡಿ ನನ್ನೊಬ್ಬನ ಹೆಸರಲ್ಲೇ ಇವೆ, ನಾಳೆ ಇಬ್ಬರೂ ಹೋಗ್ತೇವೆ. ಪಿಎಫ್ ಪಿಂಚಣಿಯೂ ನನ್ನ ನಂತರ ಅವರಿಗೆ ಅರ್ಧ ಮಾತ್ರ, ಅಂದರೆ 1,700. ಅವರೊಬ್ಬರೇ ಇರೋ ವರ್ಷಗಳನ್ನು ನಾಲ್ಕನೇ ಕಾಲಂ ಆಗಿ ಬರೆದಿದ್ದೇನೆ, ಅವರೇ ಕೂತು ತುಂಬಿಸ್ತಿದ್ದಾರೆ. ಅವರಿಗೆ 60 ತುಂಬಿದ ಮೇಲೆ ಅವರ ಹೆಸರಲ್ಲೂ ಹಿರಿಯರ ಯೋಜನೆ ತೆಗೆಯೋದು ಅಂತ ಇದೆ.

ಸೈಟ್ ವಿಷಯ ಮಾತ್ರ ಇತ್ಯರ್ಥ ಆಗಿಲ್ಲ. ನಾನು 70ಕ್ಕೆ ಮಾರೋಣ ಅಂತೀನಿ. ಅವರು ಮಗಳಿಗೆ ಇರಲಿ ಅಂತಾರೆ.

ಚನ್ನಗಿರಿ ತೋಟದವರು

ಮಾರೋದು ಬಿಡೋದು ಮನೆ ಮಾತು, ನಾವು ಹೇಳೋ ಹಾಗಿಲ್ಲ. ಆದರೆ ಇ-ಖಾತೆ ಆಗಿದೆಯಾ ನೋಡಿ ಸರ್. ಅದಿಲ್ಲದೆ ಈಗ ನೋಂದಣಿ ಆಗೋದಿಲ್ಲ.

ವಿದ್ಯಾನಗರ ನಿವಾಸಿ

ಆಗಿಲ್ಲ. 1998ರ ಕ್ರಯಪತ್ರ, ಆಮೇಲೆ ಕಂದಾಯ ಕಟ್ಟಿದ ರಸೀದಿ ಇವೆ ಅಷ್ಟೇ. ಬ್ಯಾಂಕಿನ ಕೆಲಸ ಮುಗಿಸಿ ಸೋಮವಾರ ಆ ಫೈಲ್ ಹಿಡಿದು ಹೋಗ್ತೀನಿ.